ಗೌರಿಯ ಸಗಣಿ ಮತ್ತು ಆಗಸ್ಟ್ ಮಳೆ

ಗೈಡ್ ಎನಿಸಿಕೊಂಡವನಿಗೆ ಗಡುವು ಮುಂದೂಡಿ ಎಂದು ಕೇಳುವ ಪತ್ರಗಳು ಹೊಸತೇನಲ್ಲ. ಅಕ್ಕನ ಮದುವೆ, ತನಗೇ ಬಂದ ಕಾಮಾಲೆ, ಲ್ಯಾಪ್‌ಟಾಪಿನ ಅಕಾಲ ಮರಣ, ಇವೆಲ್ಲ ವರ್ಷವರ್ಷವೂ ಬಂದು ಹೋಗುವ ಕಾರಣಗಳು. ಕೀಟಶಾಸ್ತ್ರ ವಿಭಾಗದಲ್ಲಿ ಇವುಗಳ ಜೊತೆಗೆ ಇನ್ನೊಂದು ಸೇರುತ್ತದೆ: ಮಳೆ. ನಾನು ಚಳ್ಳಕೆರೆ ಕಡೆಯವನು. ವರ್ಷಕ್ಕೆಲ್ಲ ಸೇರಿ ಇಪ್ಪತ್ತು ಇಂಚು ಬಿದ್ದರೆ ನಮ್ಮೂರಲ್ಲಿ ಪುಣ್ಯ ಎನ್ನುತ್ತಾರೆ. ಕಪ್ಪೆಗೆ ಮದುವೆ ಮಾಡಿ, ಮಳೆರಾಯನನ್ನು ಮಣ್ಣಿನಲ್ಲಿ ಮಾಡಿ ಹೊತ್ತು ಮನೆಮನೆ ತಿರುಗಿ, ಮಳೆ ಕೊಡಪ್ಪಾ ಎಂದು ಕೂಗಿದ ಹುಡುಗರಲ್ಲಿ ನಾನೂ ಒಬ್ಬ. ಅಂಥವನ ಮೇಜಿನ ಮೇಲೆ ‘ಮಳೆ ಜಾಸ್ತಿಯಾದ್ದರಿಂದ’ ಎಂದು ಶುರುವಾಗುವ ಅರ್ಜಿ ಇಟ್ಟರೆ ಅದು ಅನ್ನ ಜಾಸ್ತಿಯಾದ್ದರಿಂದ ಎಂದಂತೆ ಕೇಳುತ್ತದೆ. ಸಹಿ ಹಾಕಲು ಕೈ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿಯ ಕಡೆಯಿಂದ ಬಂದ ಪತ್ರಕ್ಕೆ ಮಾತ್ರ ಹಾಗಾಗಲಿಲ್ಲ. ಕರೆಂಟಿಲ್ಲ, ಮೊಬೈಲ್ ಟವರು ಮಲಗಿದೆ, ಆದ್ದರಿಂದ ನಮ್ಮ ಎರಡನೇ ವರ್ಷದ ಎಂ.ಎಸ್ಸಿ. ಹುಡುಗಿ ಫೂಲ್‌ಸ್ಕೇಪ್ ಹಾಳೆಯಲ್ಲಿ, ಪೆನ್ಸಿಲಿನಲ್ಲಿ ಬರೆದು, ಶಿವಮೊಗ್ಗಕ್ಕೆ ಹೊರಟಿದ್ದ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಪೆನ್ಸಿಲು ಯಾಕೆ ಎಂದು ಕೀಟ ಹಿಡಿಯುವವರು ಯಾರೂ ಕೇಳುವುದಿಲ್ಲ. ಬಾಲ್‌ಪೆನ್ನಿನಲ್ಲಿ ಬರೆದ ಲೇಬಲ್ಲು ಆಲ್ಕೋಹಾಲಿಗೆ ಬಿದ್ದರೆ ಶಾಯಿ ಬಿಟ್ಟುಕೊಳ್ಳುತ್ತದೆ. ಹುಳ ಉಳಿಯುತ್ತದೆ, ಊರು ಮತ್ತು ತಾರೀಖು ಹೋಗುತ್ತವೆ. ಊರಿಲ್ಲದ ತಾರೀಖಿಲ್ಲದ ಹುಳ ಎಷ್ಟೇ ಚೆಂದ ಇದ್ದರೂ ಶಾಸ್ತ್ರಕ್ಕೆ ಸತ್ತ ಹುಳವಷ್ಟೇ.

ಅವಳ ಕೆಲಸ ಸಗಣಿ ಜೀರುಂಡೆಗಳ ಮೇಲೆ. ಮನೆಯ ಅಡಿಕೆ ತೋಟದಲ್ಲಿ ಹತ್ತು, ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಹತ್ತು ಬಲೆಗಳು. ಬಲೆ ಎಂದರೆ ದೊಡ್ಡದೇನಲ್ಲ. ಪ್ಲಾಸ್ಟಿಕ್ ಲೋಟವನ್ನು ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂಳುವುದು, ಅದರಲ್ಲಿ ಮೂರನೇ ಒಂದು ಭಾಗ ಉಪ್ಪು ನೀರು, ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ಸೋಪು ಹಾಕದಿದ್ದರೆ ಜೀರುಂಡೆ ನೀರಿನ ಮೇಲೆ ತೇಲಿಕೊಂಡು ಅಂಚು ಹಿಡಿದು ಹತ್ತಿಬಿಡುತ್ತದೆ, ಹಾಕಿದರೆ ಮುಳುಗುತ್ತದೆ. ಲೋಟದ ಮೇಲೆ ಅಡ್ಡ ಕಡ್ಡಿಯಿಂದ ತೆಳು ಬಟ್ಟೆಯಲ್ಲಿ ಕಟ್ಟಿದ ಇನ್ನೂರು ಗ್ರಾಂ ಹೊಸ ಸಗಣಿ ನೇತಾಡಬೇಕು. ಅದರ ಮೇಲೆ ಮಳೆಗೆ ಒಂದು ಮಾಡು. ಹದಿನೈದು ದಿನಕ್ಕೊಮ್ಮೆ ನಲವತ್ತೆಂಟು ಗಂಟೆ ಇಟ್ಟು, ಬಿದ್ದದ್ದನ್ನು ಸೋಸಿ, ಎಣಿಸಿ, ಶೇಕಡಾ 70ರ ಆಲ್ಕೋಹಾಲಿನಲ್ಲಿ ಹಾಕಬೇಕು. ಸಗಣಿ ಯಾವಾಗಲೂ ಒಂದೇ ದನದ್ದಾಗಿರಬೇಕು, ಆ ದನಕ್ಕೆ ಇತ್ತೀಚೆಗೆ ಜಂತುಹುಳದ ಇಂಜೆಕ್ಷನ್ ಕೊಟ್ಟಿರಬಾರದು. ಐವರ್‌ಮೆಕ್ಟಿನ್ ಸಗಣಿಯ ಜೊತೆ ಹೊರಗೆ ಬಂದು ಜೀರುಂಡೆಯ ಮರಿಗಳನ್ನು ಕೊಲ್ಲುತ್ತದೆ. ಹೀಗೆ ಎಲ್ಲ ಅರ್ಹತೆಗಳನ್ನೂ ಪಡೆದು ಆಯ್ಕೆಯಾದವಳು ಗೌರಿ ಎಂಬ ಮಲೆನಾಡು ಗಿಡ್ಡ. ನಮ್ಮ ವಿಭಾಗದ ಎಷ್ಟೋ ನೇಮಕಾತಿಗಳು ಇಷ್ಟು ಕಟ್ಟುನಿಟ್ಟಾಗಿ ನಡೆದಿಲ್ಲ.

ಪತ್ರವನ್ನು ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

“ಸರ್, ನಮಸ್ಕಾರ. ಆಗಸ್ಟ್‌ನ ಮೊದಲ ಸುತ್ತಿನ ಲೆಕ್ಕ ಕಳಿಸಲು ಆಗುತ್ತಿಲ್ಲ. ಜೂನ್‌ನಲ್ಲಿ ಮಳೆಯೇ ಇಲ್ಲ ಎಂದು ನಿಮಗೆ ಬರೆದಿದ್ದವಳು ನಾನೇ. ಈಗ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಬಲೆ ಇಟ್ಟ ದಿನ ಸಂಜೆ ಹೊಳವಾಗಿತ್ತು. ರಾತ್ರಿ ಹಿಡಿದದ್ದು ಮೂರನೆಯ ದಿನದವರೆಗೂ ಬಿಡಲಿಲ್ಲ. ತೋಟಕ್ಕೆ ಹೋಗಿ ನೋಡಿದರೆ ಹತ್ತರಲ್ಲಿ ಆರು ಲೋಟ ಗುಂಡಿ ಬಿಟ್ಟು ಮೇಲೆದ್ದು ಬಸಿಗಾಲುವೆಯಲ್ಲಿ ತೇಲುತ್ತಿದ್ದವು. ಮೇಲಿನಿಂದ ಬಿದ್ದ ಮಳೆಗೆ ಮಾಡು ಇತ್ತು ಸರ್, ಅಪ್ಪನ ಕೊಟ್ಟೆ ಪ್ಲಾಸ್ಟಿಕ್ಕಿನಲ್ಲಿ ಚೆನ್ನಾಗೇ ಮಾಡಿದ್ದೆ. ಆದರೆ ನೀರು ಬಂದದ್ದು ಕೆಳಗಿನಿಂದ. ತೋಟ ತಗ್ಗಿನಲ್ಲಿದೆಯಲ್ಲ, ಗುಂಡಿಯಲ್ಲಿ ಒರತೆ ಎದ್ದು ಲೋಟವನ್ನೇ ಎತ್ತಿ ಹಾಕಿದೆ. ಉಳಿದ ನಾಲ್ಕು ಅಂಚಿನ ತನಕ ತುಂಬಿದ್ದವು. ಅವುಗಳಲ್ಲಿ ಒಟ್ಟು ಎರಡು ಜೀರುಂಡೆ ಸಿಕ್ಕವು. ಬೆಟ್ಟದಲ್ಲಿ ಇಳಿಜಾರು ಇರುವುದರಿಂದ ಏಳು ಲೋಟ ಸರಿಯಾಗಿವೆ, ಅವುಗಳಲ್ಲಿ 63 ಸಿಕ್ಕಿವೆ. ಮೂರು ತುಂಬಿವೆ, ಅವುಗಳಲ್ಲಿ ನಾಲ್ಕು.

ತುಂಬಿದ ಲೋಟ ಬರೀ ತುಂಬಿದೆಯೋ, ತುಂಬಿ ಹರಿದಿದೆಯೋ ಎಂದು ನೀವು ಕೇಳುತ್ತೀರಿ. ಅದಕ್ಕಾಗಿ ಈ ಸಲ ನೀರಿಗೆ ಬಟ್ಟೆಗೆ ಹಾಕುವ ನೀಲಿ ಸೇರಿಸಿದ್ದೆ. ಒಂದು ಪಾಲು ನೀಲಿ ನೀರಿಗೆ ಎರಡು ಪಾಲು ಮಳೆನೀರು ಬೆರೆಸಿ ಗಾಜಿನ ಲೋಟದಲ್ಲಿ ಇಟ್ಟುಕೊಂಡಿದ್ದೇನೆ. ಹರಿಯದೆ ಬರೀ ತುಂಬಿದ್ದರೆ ಆ ಬಣ್ಣವೇ ಬರಬೇಕು. ಅದಕ್ಕಿಂತ ತೆಳುವಾಗಿದ್ದರೆ ಹರಿದಿದೆ ಎಂದರ್ಥ. ತುಂಬಿದ ಏಳೂ ಲೋಟಗಳು ತೆಳುವಾಗಿವೆ. ಎರಡರಲ್ಲಂತೂ ಬಣ್ಣವೇ ಇಲ್ಲ, ಕುಡಿಯುವ ನೀರಿನ ಹಾಗಿದೆ. ಸೋಪೂ ಹೋಗಿರುವುದರಿಂದ ಬಿದ್ದ ಜೀರುಂಡೆಗಳು ತೇಲಿಕೊಂಡು ಹೊರಗೆ ಹೋಗಿರಬೇಕು. ಎಷ್ಟು ಹೋದವು ಗೊತ್ತಿಲ್ಲ.

ಆದ್ದರಿಂದ ಈ ಹದಿಮೂರು ಬಲೆಗಳಿಗೆ ನಾನು ಸೊನ್ನೆ ಬರೆದಿಲ್ಲ, ಸಿಕ್ಕ ಎರಡು, ನಾಲ್ಕನ್ನೂ ಬರೆದಿಲ್ಲ. ಗೀಟು ಹಾಕಿದ್ದೇನೆ. ಅಪ್ಪನ ಮಳೆ ಡೈರಿ ನೋಡಿ ಈ ಧೈರ್ಯ ಬಂತು. ಅಪ್ಪನ ಮಾಪಕದಲ್ಲಿ ಎಂಟು ಇಂಚಿನ ತನಕ ಮಾತ್ರ ಗೆರೆಗಳಿವೆ. ಆ ರಾತ್ರಿ ಅದು ತುಂಬಿ ಹರಿದಿತ್ತು. ಅಪ್ಪ ಎಂಟು ಎಂದೂ ಬರೆಯಲಿಲ್ಲ, ಅಂದಾಜಿನ ಮೇಲೆ ಹನ್ನೊಂದು ಎಂದೂ ಬರೆಯಲಿಲ್ಲ. ‘ಹರಿದಿದೆ’ ಎಂದು ಬರೆದು ಗೀಟು ಎಳೆದರು.

ಗೌರಿಯ ಸಗಣಿಯದೂ ಒಂದು ತೊಂದರೆ ಇದೆ. ಹಸಿ ಹುಲ್ಲು ತಿಂದು ತೀರಾ ತೆಳ್ಳಗಾಗಿದೆ. ಇನ್ನೂರು ಗ್ರಾಂ ತೂಗಿ ಬಟ್ಟೆಯಲ್ಲಿ ಕಟ್ಟುವಷ್ಟರಲ್ಲಿ ನೂರು ಗ್ರಾಂ ನನ್ನ ಮೇಲಿರುತ್ತದೆ. ಹಿಂಡಿ, ಒಣಹುಲ್ಲು ಕೊಟ್ಟು ನೋಡುತ್ತಿದ್ದೇನೆ. ‘ಸಗಣಿ ಎತ್ತೋಕೆ ಎಂತಕ್ಕೆ ಅಷ್ಟು ಓದಬೇಕಿತ್ತು ಮಾರಾಯ್ತಿ, ನಾನು ಓದದೇ ಎತ್ತಲಿಲ್ವಾ’ ಅಂತ ಅಜ್ಜಿ ದಿನಾ ಕೇಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳು ಹೆಚ್ಚಿಗೆ ಕೊಡಿ ಎಂದು ಕೇಳುತ್ತಿಲ್ಲ. ಅದು ನನಗೆ ಉಪಯೋಗವಿಲ್ಲ. ಆಗಸ್ಟ್‌ನ ಬಲೆಯನ್ನು ನವೆಂಬರ್‌ನಲ್ಲಿ ಇಟ್ಟರೆ ಸಿಗುವುದು ನವೆಂಬರ್‌ನ ಜೀರುಂಡೆ. ನನಗೆ ಬೇಕಿರುವುದು ಮುಂದಿನ ವರ್ಷದ ಜೂನ್, ಜುಲೈ, ಆಗಸ್ಟ್. ಪ್ರಬಂಧ ಒಪ್ಪಿಸುವ ಗಡುವು ಜುಲೈ ಎಂದು ಗೊತ್ತು. ಸಾಧ್ಯವೇ ಎಂದು ನೋಡಿ.

ಮಾವ ತಮ್ಮ ರಮ್ಮಿನ ಬಾಟಲಿ ಕೊಡಲು ಮುಂದೆ ಬಂದಿದ್ದಾರೆ, ನಮ್ಮ ಆಲ್ಕೋಹಾಲು ಮುಗಿಯುತ್ತಾ ಬಂದಿದೆ, ಸೇತುವೆ ಬಂದ್ ಆಗಿದೆ. ಲೇಬಲ್ ಓದಿದೆ, ಶೇಕಡಾ 42.8 ಇದೆ. ಸಾಲದು ಎಂದು ಹೇಳಿದಾಗ ಮಾವನ ಮುಖದಲ್ಲಿ ಸಮಾಧಾನ ಕಂಡಿತು.”

ಪತ್ರ ಇಷ್ಟೇ. ‘ತಮ್ಮ ವಿಧೇಯ’ ಎನ್ನುವುದನ್ನು ಬರೆಯಲು ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.

ನಾನು ಕೆಂಪು ಪೆನ್ನು ಹಿಡಿದೇ ಓದಲು ಕೂತಿದ್ದೆ. ಗೈಡಿಗೆ ಅದೊಂದು ಕಾಯಿಲೆ. ಮದುವೆ ಪತ್ರಿಕೆಯನ್ನೂ ತಿದ್ದಿಯೇ ಮುಗಿಸುವುದು. ಈ ಪತ್ರದಲ್ಲಿ ತಿದ್ದಲು ಜಾಗ ಸಿಗದೆ, ಪಕ್ಕದಲ್ಲಿ ಲೆಕ್ಕ ಹಾಕತೊಡಗಿದೆ. ಬೆಟ್ಟದ ಏಳು ಒಳ್ಳೆಯ ಬಲೆಗಳಲ್ಲಿ 63 ಎಂದರೆ ಬಲೆಗೆ ಒಂಬತ್ತು. ಜುಲೈನಲ್ಲಿ ಅವಳು ಕಳಿಸಿದ ಲೆಕ್ಕದಲ್ಲೂ ಬೆಟ್ಟಕ್ಕೆ ಒಂಬತ್ತರ ಸುತ್ತಮುತ್ತ, ತೋಟಕ್ಕೆ ಎಂಟು. ಅಂದರೆ ತೋಟವೂ ಬೆಟ್ಟವೂ ಹೆಚ್ಚುಕಡಿಮೆ ಸಮ. ಈಗ ಅವಳು ಗೀಟು ಹಾಕದೆ, ಸಿಕ್ಕಿದ್ದನ್ನೆಲ್ಲ ಬರೆದು, ತೇಲಿಹೋದ ಲೋಟಗಳಿಗೆ ಸೊನ್ನೆ ಕೊಟ್ಟಿದ್ದರೆ? ಬೆಟ್ಟದ ಹತ್ತು ಬಲೆಗೆ 67, ತೋಟದ ಹತ್ತಕ್ಕೆ 2. ಬೆಟ್ಟದಲ್ಲಿ ತೋಟಕ್ಕಿಂತ ಮೂವತ್ತಮೂರು ಪಟ್ಟು ಜೀರುಂಡೆ! ಸಾಫ್ಟ್‌ವೇರಿಗೆ ಹಾಕಿದರೆ ಎಂಥ ನಕ್ಷತ್ರ ಚಿಹ್ನೆ ಬೇಕಾದರೂ ಬರುತ್ತಿತ್ತು. ಅಡಿಕೆ ತೋಟದಿಂದ ಸಗಣಿ ಜೀರುಂಡೆಗಳ ಸರ್ವನಾಶ ಎಂದು ಪ್ರಬಂಧವಾಗುತ್ತಿತ್ತು, ಬೋರ್ಡೋ ದ್ರಾವಣವೇ ಕಾರಣವಿರಬೇಕು ಎಂದು ಯಾರೋ ಚರ್ಚೆಯಲ್ಲಿ ಸೇರಿಸುತ್ತಿದ್ದರು, ಮುಂದಿನವರು ಅದನ್ನು ಉಲ್ಲೇಖಿಸುತ್ತಿದ್ದರು. ಎಲ್ಲಕ್ಕೂ ಮೂಲ, ತೋಟ ತಗ್ಗಿನಲ್ಲಿರುತ್ತದೆ, ಲೋಟ ತೇಲುತ್ತದೆ ಎಂಬ ಸಂಗತಿ.

ಹೀಗೆ ಹೇಳಿದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ, ಆದರೂ ಹೇಳುತ್ತೇನೆ: ಖಾಲಿ ಬಲೆ ಎರಡು ಬಗೆ. ಒಂದು, ಯಾರೂ ಬರಲಿಲ್ಲ. ಇನ್ನೊಂದು, ಬಂದವರು ಹೋದರು. ಹೊರಗಿನಿಂದ ನೋಡಲು ಎರಡೂ ಒಂದೇ. ನೀಲಿ ಹಾಕಿದವಳಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಅಲ್ಲದೆ ಬಲೆ ಸರಿಯಾಗಿಯೇ ಇದ್ದರೂ ಜಡಿಮಳೆಯಲ್ಲಿ ಜೀರುಂಡೆ ಹಾರುವುದು ಕಡಿಮೆ, ಸಗಣಿಯ ವಾಸನೆಯೂ ದೂರ ಹೋಗುವುದಿಲ್ಲ. ಆದ್ದರಿಂದ ಬೆಟ್ಟದ ಆ ಒಂಬತ್ತನ್ನೂ ನಾನು ಅನುಮಾನದಿಂದಲೇ ನೋಡಿದೆ. ಅಲ್ಲಿ ನಿಜವಾಗಿ ಇದ್ದವು ಇನ್ನೂ ಹೆಚ್ಚಿರಬಹುದು.

ಪತ್ರ ಓದಿದ ಸಂಜೆ ವಿಭಾಗದ ಸಂಗ್ರಹಾಲಯದಲ್ಲಿ ಸುಮ್ಮನೆ ಪೆಟ್ಟಿಗೆಗಳನ್ನು ತೆಗೆದು ನೋಡುತ್ತಾ ಕೂತೆ. ನಿವೃತ್ತಿಗೆ ಹತ್ತಿರವಾದವರಿಗೆ ಇಂಥ ಚಟಗಳು ಅಂಟಿಕೊಳ್ಳುತ್ತವೆ. ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಬಡಿಯುವ ನುಸಿಗುಳಿಗೆಯ ಘಾಟು, ತುಕ್ಕು ಹಿಡಿದ ಪಿನ್ನು, ಪಿನ್ನಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದ ಲೇಬಲ್ಲು. ನಮಗಿಂತ ಹಿಂದಿನವರು, ಅವರಿಗಿಂತ ಹಿಂದಿನವರು ಹಿಡಿದ ಹುಳಗಳು. ಆಗುಂಬೆ, ಕೊಪ್ಪ, ಶೃಂಗೇರಿ, ಹೊಸನಗರ. ಹೆಸರುಗಳನ್ನು ಬಿಟ್ಟು ಅಂದು ತಾರೀಖುಗಳನ್ನಷ್ಟೇ ಓದುತ್ತಾ ಹೋದೆ. ಅಕ್ಟೋಬರ್, ನವೆಂಬರ್, ಮತ್ತೆ ಅಕ್ಟೋಬರ್. ಮೇ ತಿಂಗಳು ಸಾಕಷ್ಟು. ಜುಲೈ, ಆಗಸ್ಟ್ ಎನ್ನುವುದು ಹುಡುಕಿದರೆ ಅಲ್ಲೊಂದು ಇಲ್ಲೊಂದು. ವರ್ಷಕ್ಕೆ ಮುನ್ನೂರು ಇಂಚಿನ ಹತ್ತಿರ ಮಳೆ ಹೊಯ್ಯುವ ಆಗುಂಬೆಯಲ್ಲಿ ನಮ್ಮ ಪೆಟ್ಟಿಗೆಗಳ ಪ್ರಕಾರ ಮಳೆಗಾಲವೇ ಇಲ್ಲ. ಅದು ಹುಳಗಳ ಲೆಕ್ಕವಲ್ಲ, ನಮ್ಮ ಛತ್ರಿಗಳ ಲೆಕ್ಕ. ಬಸ್ಸು ಓಡುವಾಗ, ಇಂಬಳ ಕಡಿಮೆಯಾದಾಗ, ಬಂಗಲೆಯಲ್ಲಿ ರೂಮು ಸಿಕ್ಕಾಗ ಹಿಡಿದ ಹುಳಗಳನ್ನು ಸಾಲಾಗಿ ಚುಚ್ಚಿಟ್ಟು ಇದೇ ಪಶ್ಚಿಮ ಘಟ್ಟ ಎಂದಿದ್ದೇವೆ.

ಹಾಗೆಂದು ಹಳಬರನ್ನು ಬಯ್ಯುವಂತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹುಳ ಹಿಡಿಯುವುದು ಅರ್ಧ ಕೆಲಸ, ಒಣಗಿಸುವುದು ಇನ್ನರ್ಧ. ಪಿನ್ನು ಚುಚ್ಚಿದ ಜೀರುಂಡೆಯನ್ನು ಹಾಗೇ ಇಟ್ಟರೆ ಬೇಗನೆ ಕೀಲುಗಳಲ್ಲಿ ಬಿಳಿ ಬೂಸ್ಟು ಕಾಣಿಸುತ್ತದೆ. ಬೂಸ್ಟಿನ ಹಿಂದೆಯೇ ಅದನ್ನು ಮೇಯಲು ಧೂಳಿನಷ್ಟು ಸಣ್ಣ ಹೇನುಗಳು ಬರುತ್ತವೆ, ಹಳೆಯ ಪುಸ್ತಕ ತೆರೆದಾಗ ಓಡಿಹೋಗುತ್ತವಲ್ಲ, ಅವೇ. ಕೊನೆಗೆ ಪಿನ್ನು, ಲೇಬಲ್ಲು, ಕೆಳಗೊಂದು ಚಿಟಿಕೆ ಪುಡಿ. ನಮ್ಮ ಹುಡುಗಿ ತನ್ನ ಪೆಟ್ಟಿಗೆಯನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳಂತೆ. ಹಗಲೂ ರಾತ್ರಿ ಬೆಂಕಿ ಆರದ ಜಾಗ. ಮುಂದೆ ಅದು ವಿಭಾಗಕ್ಕೆ ಬಂದಾಗ ನುಸಿಗುಳಿಗೆಯ ಬದಲು ಹೊಗೆಯ ವಾಸನೆ. ನಮ್ಮ ಅಟೆಂಡರ್ ಮೂಸಿ ನೋಡಿ “ಸಾರ್, ಇದರಲ್ಲಿ ಹಪ್ಪಳ ಐತಾ?” ಎಂದ.

ಅವಳಿಗೆ ಉತ್ತರ ಬರೆದೆ. ಗೀಟು ಸರಿ, ಹಾಗೇ ಇರಲಿ. ಬಲೆ ಇಡಲಾಗದ ದಿನಗಳಲ್ಲಿ ಸುಮ್ಮನೆ ಕೂರಬೇಡ, ಬಕೆಟ್ ತೆಗೆದುಕೋ. ದನ ಓಡಾಡುವ ದಾರಿಯಲ್ಲಿ ಒಂದೆರಡು ದಿನದ ಸಗಣಿಯ ಗುಪ್ಪೆಯನ್ನು ಕೆಳಗಿನ ಮಣ್ಣಿನ ಸಮೇತ ಎತ್ತಿ ನೀರಿಗೆ ಹಾಕಿ ಕದಡಿದರೆ, ಒಳಗಿದ್ದ ಜೀರುಂಡೆಗಳು ಒಂದೊಂದಾಗಿ ಮೇಲೆ ತೇಲುತ್ತವೆ. ಆಳಕ್ಕೆ ಸುರಂಗ ತೋಡಿಕೊಂಡು ಇಳಿದವು ಸಿಗುವುದಿಲ್ಲ, ಆದ್ದರಿಂದ ಈ ಲೆಕ್ಕವನ್ನು ಬಲೆಯ ಲೆಕ್ಕದ ಜೊತೆ ಕೂಡಬಾರದು; ಯಾವ ಯಾವ ಜಾತಿ ಇವೆ ಎಂದು ತಿಳಿಯಲು ಸಾಕು. ತೋಟದಲ್ಲಿ ಬಲೆಯನ್ನು ತಗ್ಗಿನಿಂದ ಎತ್ತಿ ಅಡಿಕೆ ಮರದ ಬುಡದ ಏರಿಗೆ ತಾ, ಲೋಟದ ಹೊರಗೆ ಇನ್ನೊಂದು ತೂತಿನ ಲೋಟ ಹೂಳಿ ಅದಕ್ಕೆ ಬಿದಿರ ಗೂಟ ಹೊಡೆ. ಮಾವನಿಗೆ ನನ್ನ ನಮಸ್ಕಾರ ತಿಳಿಸು.

ಗಡುವಿನ ವಿಷಯ ನನ್ನ ಕೈಯಲ್ಲಿರಲಿಲ್ಲ, ಮೇಲಿನ ಕಚೇರಿಗೆ ಬರೆದೆ. ಅಲ್ಲಿಯ ನಮೂನೆಯಲ್ಲಿ ಕಾರಣ ಎಂಬ ಕಾಲಮ್ಮಿನ ಕೆಳಗೆ ಅನಾರೋಗ್ಯ, ಹೆರಿಗೆ, ಇತರೆ ಎಂದಿತ್ತು. ಇತರೆ ಎಂದು ಗುರುತು ಹಾಕಿ, ಲೋಟ ತೇಲಿದ ಕಥೆಯನ್ನು ಒಂದು ಪುಟ ಟೈಪು ಮಾಡಿಸಿ ಲಗತ್ತಿಸಿದೆ. ಸಾಕಷ್ಟು ದಿನ ಬಿಟ್ಟು ಜವಾಬು ಬಂತು: ಸದರಿ ಮಳೆಯಾದ ಬಗ್ಗೆ ಸಕ್ಷಮ ಪ್ರಾಧಿಕಾರದಿಂದ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಆ ಆಗಸ್ಟ್‌ನಲ್ಲಿ ಮಲೆನಾಡು, ಕೊಡಗಿನಿಂದ ಹಿಡಿದು ಬೆಳಗಾವಿಯ ತನಕ ಊರೂರೇ ನೀರಿನಲ್ಲಿ ನಿಂತದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತ್ತು. ಗ್ರಾಮಲೆಕ್ಕಿಗರು ಬಿದ್ದ ಮನೆಗಳ ಪಟ್ಟಿ ಮಾಡುತ್ತಾ ತಿರುಗುತ್ತಿದ್ದಾಗ, ಅವರ ಹಿಂದೆ ಹೋಗಿ ಸಗಣಿ ಹುಳಕ್ಕೆ ಮಳೆ ಬಂದಿದ್ದು ನಿಜ ಎಂದು ಬರೆದುಕೊಡಿ ಎನ್ನಲು ಅವಳಿಗೂ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ. ಅವರ ಮನೆಯಲ್ಲೇ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಯಲು ಹೊಳವು ಸಿಗದೆ, ಹಸಿ ಅಡಿಕೆ ಉದುರಿ ತೋಟದ ನೆಲವೆಲ್ಲ ಹಸಿರಾಗಿತ್ತು. ಕೊನೆಗಾರ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಆಕಾಶ ನೋಡುತ್ತಿದ್ದನಂತೆ, ಪಕ್ಕದಲ್ಲಿ ಅಪ್ಪ, ಪಕ್ಕದಲ್ಲಿ ಇವಳು. ಮೂವರಿಗೂ ಬೇಕಿದ್ದದ್ದು ಅದೇ ಎರಡು ದಿನದ ಹೊಳವು. ಸಿಕ್ಕಿದ್ದರೆ ಅದು ಮೊದಲು ಅಪ್ಪನಿಗೆ ಸಲ್ಲಬೇಕು, ಜೀರುಂಡೆಗಳದ್ದು ಆಮೇಲೆ, ಎಂದು ಅವಳು ಇನ್ನೊಂದು ಚೀಟಿಯಲ್ಲಿ ಬರೆದಿದ್ದಳು.

ಕಡತ ಅಲ್ಲಿಗೆ ನಿಂತಿತು. ಮಾರ್ಚ್ 2020ರಲ್ಲಿ ಲಾಕ್‌ಡೌನ್ ಬಂತು. ಒಂದು ಹುಡುಗಿಗೆ ಒಂದು ಮಳೆಗಾಲ ಕೊಡಲು ಒಪ್ಪದ ನಿಯಮಗಳು ಎಲ್ಲರ ಗಡುವನ್ನೂ ಒಟ್ಟಿಗೆ ಮುಂದೂಡಿದವು, ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಉಳಿದವರೆಲ್ಲ ಲ್ಯಾಬು ಮುಚ್ಚಿತು ಎಂದು ಫೋನಿನಲ್ಲಿ ಗೋಳಾಡುತ್ತಿದ್ದಾಗ ಇವಳೊಬ್ಬಳು ತನ್ನ ಲ್ಯಾಬಿನ ನಡುವೆಯೇ ಸಿಕ್ಕಿಕೊಂಡಿದ್ದಳು: ತೋಟ, ಬೆಟ್ಟ, ಕೊಟ್ಟಿಗೆ, ಗೌರಿ. ಜೂನ್, ಜುಲೈ ಮುಗಿಸಿ ಆಗಸ್ಟ್‌ಗೂ ಕೈ ಹಾಕಿದಳು. ಏರಿಯ ಮೇಲೆ ಗೂಟ ಹೊಡೆದ ಬಲೆಗಳು ತೇಲಲಿಲ್ಲ. ತೋಟದಲ್ಲಿ ಸಣ್ಣ ಆಂಥೋಫೇಗಸ್‌ಗಳು ಬೆಟ್ಟದಷ್ಟೇ ಸಿಕ್ಕವು. ಹೆಬ್ಬೆರಳ ಗಾತ್ರದ ಕರಿ ಕ್ಯಾಥಾರ್ಸಿಯಸ್ ಮಾತ್ರ ಬೆಟ್ಟದ ಕಡೆ ಹೆಚ್ಚು. ಒಂದು ತೋಟ, ಒಂದು ಬೆಟ್ಟದ ಮಾತು, ಅದಕ್ಕಿಂತ ದೊಡ್ಡ ತೀರ್ಮಾನ ಬೇಡ ಎಂದೆ. ಅವಳೂ ಬರೆಯಲಿಲ್ಲ. 2019ರ ಆಗಸ್ಟ್‌ನ ಸಾಲಿನಲ್ಲಿ ಗೀಟುಗಳು ಹಾಗೇ ಉಳಿದವು.

ವೈವಾ ಆನ್‌ಲೈನ್‌ನಲ್ಲಿ ಆಯಿತು. ನೆಟ್‌ವರ್ಕ್‌ಗಾಗಿ ಅವಳು ಮನೆಯ ಹಿಂದಿನ ದಿಬ್ಬ ಹತ್ತಿ ಛತ್ರಿ ಹಿಡಿದು ಕೂತಿದ್ದಳು. ಪರೀಕ್ಷಕರು ಉಡುಪಿ ಕಡೆಯವರು, ಕಟ್ಟುನಿಟ್ಟಿಗೆ ಹೆಸರಾದವರು. ಪ್ರಬಂಧದ ಪುಟ ಮಗುಚುತ್ತಾ ಬಂದು ಆ ಕೋಷ್ಟಕದಲ್ಲಿ ನಿಂತರು.

“ಇದು ಎಂತ, ಗೀಟು? ಹದಿಮೂರು ಕಡೆ ಡಾಟಾ ಇಲ್ಲವಾ?”

“ಮಳೆ ಸರ್. ಬಲೆಗಳು ತುಂಬಿ ಹರಿದವು.”

ನಾನು ಉಸಿರು ಬಿಗಿಹಿಡಿದೆ. ನೀಲಿಯ ವಿಷಯ, ಸೊನ್ನೆಯ ವಿಷಯ, ಮೂವತ್ತಮೂರು ಪಟ್ಟಿನ ವಿಷಯ ಎಲ್ಲವನ್ನೂ ಅವಳು ಬಾಯಿಪಾಠ ಮಾಡಿಕೊಂಡಿದ್ದಾಳೆ ಎಂದು ನನಗೆ ಗೊತ್ತಿತ್ತು. ಪರೀಕ್ಷಕರು ಕನ್ನಡಕ ತೆಗೆದು ಕ್ಯಾಮೆರಾದ ಹತ್ತಿರ ಬಾಗಿದರು.

“ಹತ್ತೊಂಬತ್ತರ ಆಗಸ್ಟ್ ಅಲ್ಲವಾ? ನಿಮ್ಮಲ್ಲಿ ಎಷ್ಟು ಇಂಚು ಬಂತು ಆ ದಿನ?”

“ಗೊತ್ತಿಲ್ಲ ಸರ್. ಮಾಪಕವೂ ಹರಿದಿತ್ತು.”

“ನಮ್ಮಲ್ಲಿಯೂ” ಎಂದರು ಅವರು, ಮತ್ತು ತಮ್ಮ ಮನೆಯ ಬಾವಿ ಆ ಸಲ ಕಟ್ಟೆಯ ತನಕ ತುಂಬಿ ಬಂದದ್ದನ್ನು ವರ್ಣಿಸತೊಡಗಿದರು. ಕೈಯಿಂದಲೇ ನೀರು ಮೊಗೆಯಬಹುದಿತ್ತಂತೆ. ಅವಳು ಅವರ ಬಾವಿಯಲ್ಲಿ ಎಷ್ಟು ರಿಂಗು ಎಂದು ಕೇಳಿದಳು. ಚಳ್ಳಕೆರೆಯವನಾದ ನಾನು, ಆ ಸಂಭಾಷಣೆಯಲ್ಲಿ ಸೇರಿಸಲು ಏನೂ ಇಲ್ಲದೆ, ನನ್ನ ಮೈಕನ್ನು ಮ್ಯೂಟ್ ಮಾಡಿ ಕೂತೆ.